ಹನ್ನೊಂದು ಪುಟದ ನಡವಳಿಯಿಂದ ಒಂದು ಪುಟದ ಕೆಲಸದ ಪಟ್ಟಿ: ಹಾಸನದ ಕಡೆಯ ಒಂದು ಡೈರಿಯ ಪ್ರಕರಣ

ಹಾಸನದಿಂದ ಆಲೂರಿನ ಕಡೆಗೆ ಹೋಗುವ ದಿಕ್ಕಿನಲ್ಲಿರುವ ಒಂದು ಹಳ್ಳಿಯ ಹಾಲು ಉತ್ಪಾದಕರ ಸಂಘ ಇದು. ಊರಲ್ಲಿ ಎಲ್ಲರೂ ಅದನ್ನು ಡೈರಿ ಅಂತಲೇ ಕರೆಯುತ್ತಾರೆ. ಬೆಳಿಗ್ಗೆ, ಸಂಜೆ ಹಾಲು ಅಳೆಯುತ್ತಾರೆ, ಬಿಎಂಸಿಯಲ್ಲಿ, ಅಂದರೆ ದೊಡ್ಡ ಕೂಲರ್ ಟ್ಯಾಂಕಿನಲ್ಲಿ, ತಣ್ಣಗೆ ಇಡುತ್ತಾರೆ, ಆಮೇಲೆ ಒಕ್ಕೂಟದ ಟ್ಯಾಂಕರ್ ಬಂದು ತುಂಬಿಕೊಂಡು ಹೋಗುತ್ತದೆ. ತಿಂಗಳಿಗೊಮ್ಮೆ ಆಡಳಿತ ಮಂಡಳಿಯ ಸಭೆ. ಕಾರ್ಯದರ್ಶಿಗಳು ನಡವಳಿ ಪುಸ್ತಕದಲ್ಲಿ ಅಚ್ಚುಕಟ್ಟಾಗಿ, ಯಾರು ಏನು ಹೇಳಿದರು ಅನ್ನೋದನ್ನೂ ಬಿಡದೆ ಬರೆಯುತ್ತಾರೆ.

2025ರ ಜುಲೈ ಸಭೆಯಲ್ಲಿ ಜನರೇಟರ್ ಸರ್ವೀಸ್ ಮಾಡಿಸಬೇಕು ಅಂತ ತೀರ್ಮಾನ ಆಗಿತ್ತು. ನಡವಳಿಯಲ್ಲಿ ಇದ್ದ ವಾಕ್ಯ ಇಷ್ಟೇ: "ಜನರೇಟರ್ ದುರಸ್ತಿ ಬಗ್ಗೆ ಕೂಡಲೇ ಕ್ರಮ ಕೈಗೊಳ್ಳಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು." ಎಲ್ಲರೂ ಸಹಿ ಹಾಕಿದರು. ಅಧ್ಯಕ್ಷರು ಕಾರ್ಯದರ್ಶಿ ಮಾಡಿಸುತ್ತಾರೆ ಅಂದುಕೊಂಡರು. ಕಾರ್ಯದರ್ಶಿ, ಖರ್ಚಿಗೆ ಅಧ್ಯಕ್ಷರು ಹೂಂ ಅನ್ನಲಿ ಅಂತ ಕಾದರು. ಮೆಕ್ಯಾನಿಕ್ ಗೊತ್ತಿದ್ದ ನಿರ್ದೇಶಕರು, ತಮ್ಮನ್ನು ಯಾರೂ ಕೇಳಲೇ ಇಲ್ವಲ್ಲ ಅಂತ ಸುಮ್ಮನಿದ್ದರು. ಅಷ್ಟರಲ್ಲಿ ಒಂದು ರಾತ್ರಿ ಗಾಳಿಮಳೆಗೆ ಕರೆಂಟ್ ಹೋಯಿತು, ಜನರೇಟರ್ ಸ್ಟಾರ್ಟ್ ಆಗಲಿಲ್ಲ. 4 ಡಿಗ್ರಿ ಆಸುಪಾಸಲ್ಲಿ ಇರಬೇಕಾದ ಹಾಲು ಬೆಳಗಾಗುವಷ್ಟರಲ್ಲಿ ಬಿಸಿಯಾಗಿತ್ತು. ಟ್ಯಾಂಕರ್‌ನವರು ಸ್ವಲ್ಪ ತೆಗೆದು ಕುದಿಸಿ ನೋಡಿದಾಗ ಒಡೆಯಿತು, ಅಷ್ಟೂ ಹಾಲು ವಾಪಸ್.

ಆಗಸ್ಟ್ 5, ಮಂಗಳವಾರದ ಸಭೆ ಈ ನಷ್ಟದ ಮೇಲೇ ಶುರುವಾಗಿ ಮೂರೂವರೆ ಗಂಟೆ ನಡೆಯಿತು. ನಡವಳಿ ಹನ್ನೊಂದು ಪುಟ ಆಯಿತು. ಮುಗಿದ ಮೇಲೆ ಅಧ್ಯಕ್ಷರು ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. ನಾನು ಸಂಘದ ಸದಸ್ಯ, ನಿರ್ದೇಶಕ ಅಲ್ಲ. ಕಚೇರಿ ಕಾಗದಪತ್ರ ನೋಡಿ ಅಭ್ಯಾಸ ಇದೆ ಅಷ್ಟೇ. "ಯಾರು, ಏನು, ಯಾವಾಗ. ಒಂದು ಪುಟ ಮಾಡಿಕೊಡಿ. ಹೋದ ತಿಂಗಳ ಥರ ಆಗಬಾರದು," ಅಂದರು.

ಇಂಥ ಕೆಲಸದಲ್ಲಿ ಮೊದಲು ಬರುವ ಆಲೋಚನೆ, ಪುಟ ಪುಟವಾಗಿ ಓದಿ "ತೀರ್ಮಾನಿಸಲಾಯಿತು" ಅಂತ ಇರುವ ವಾಕ್ಯಗಳನ್ನೆಲ್ಲ ಎತ್ತಿ ಬರೆದರೆ ಆಯಿತಲ್ಲ ಅನ್ನೋದು. ಹಾಗೆ ಮಾಡಿದರೆ ಈ ನಡವಳಿಯಿಂದ ಹದಿನೇಳು ಸಾಲು ಬರುತ್ತಿತ್ತು, ಅದರಲ್ಲಿ ಅರ್ಧಕ್ಕರ್ಧ ಉಪಯೋಗಕ್ಕೆ ಬರುತ್ತಿರಲಿಲ್ಲ. ನಡವಳಿ ಬರೆಯುವಾಗ ಪ್ರತಿ ವಿಷಯವನ್ನೂ ಆ ಪದದಿಂದಲೇ ಮುಗಿಸುವುದು ರೂಢಿ. "ಮೇವಿನ ಕೊರತೆ ಬಗ್ಗೆ ಗಮನ ಹರಿಸಲು ತೀರ್ಮಾನಿಸಲಾಯಿತು" ಅಂತ ಒಂದು ಕಡೆ ಇತ್ತು. ಇದರಲ್ಲಿ ಯಾರಾದರೂ ಮಾಡಬೇಕಾದ ಕೆಲಸ ಏನಿದೆ ಹೇಳಿ? ಏನೂ ಇಲ್ಲ. ಹಾಗಾಗಿ ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಹಾಕುತ್ತಾ ಹೋದೆ: ಮುಂದಿನ ಸಭೆಯಲ್ಲಿ "ಇದು ಆಯ್ತಾ?" ಅಂತ ಕೇಳಿದರೆ ಹೌದು ಅಥವಾ ಇಲ್ಲ ಅನ್ನೋ ಉತ್ತರ ಬರುತ್ತದಾ? ಬರುತ್ತದೆ ಅನ್ನುವುದಕ್ಕೆ ಪೆನ್ಸಿಲ್‌ನಲ್ಲಿ ಸರಿ ಗುರುತು. ಮಾತಾಡಿದರು ಆದರೆ ಇತ್ಯರ್ಥ ಆಗಲಿಲ್ಲ ಅನ್ನುವುದಕ್ಕೆ ಪ್ರಶ್ನೆ ಗುರುತು. ಉಳಿದದ್ದಕ್ಕೆ ಏನೂ ಇಲ್ಲ. ಗುರುತು ಹಾಕಿದ್ದು ಜೆರಾಕ್ಸ್ ಪ್ರತಿಯ ಮೇಲೆ. ಸಹಿ ಆದ ನಡವಳಿ ಪುಸ್ತಕದಲ್ಲಿ ಪೆನ್ಸಿಲ್ ಗೀಟೂ ಬೀಳಬಾರದು.

ಉಲ್ಟಾ ಸಮಸ್ಯೆಯೂ ಇದೆ. ಆ ಪದವೇ ಇಲ್ಲದ ಕಡೆ ನಿಜವಾದ ತೀರ್ಮಾನ ಅಡಗಿಕೊಂಡಿರುತ್ತದೆ. ಚರ್ಚೆಯ ಮಧ್ಯೆ ಅಧ್ಯಕ್ಷರು "ಹಾಗಾದರೆ ಮೊದಲು ಅವರೇ ಬಂದು ನೋಡಲಿ" ಅಂದಿರುತ್ತಾರೆ, ಯಾರೂ ಬೇಡ ಅಂದಿರುವುದಿಲ್ಲ, ಕಾರ್ಯದರ್ಶಿ ಅದನ್ನು ಅಧ್ಯಕ್ಷರ ಮಾತು ಅಂತಲೇ ಬರೆದು ಮುಂದೆ ಹೋಗಿರುತ್ತಾರೆ. ಜನರೇಟರ್ ವಿಷಯದಲ್ಲಿ ಆಗಿದ್ದು ಇದೇ. ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಡೀ ನಡವಳಿಯಲ್ಲಿ ಹೆಚ್ಚು ಕಷ್ಟ ಕೊಟ್ಟಿದ್ದು ಅದೇ.

ಜನರೇಟರ್ ಮೂರು ಜಾಗದಲ್ಲಿ ಬಂದಿತ್ತು. ಎರಡನೇ ಪುಟದಲ್ಲಿ, ಹಾಲು ವಾಪಸ್ ಬಂದ ಚರ್ಚೆಯ ಕೊನೆಗೆ, "ಹೊಸ ಜನರೇಟರ್ ಖರೀದಿಸಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು." ಐದನೇ ಪುಟದಲ್ಲಿ ಜಮಾ ಖರ್ಚು ಓದುವಾಗ ಕಾರ್ಯದರ್ಶಿ ತಡೆದಿದ್ದಾರೆ: ಅಷ್ಟು ದೊಡ್ಡ ಖರೀದಿಗೆ ಮೂರು ಕಡೆಯಿಂದ ಕೊಟೇಶನ್ ಬೇಕು, ಈ ತಿಂಗಳು ಆಗುವ ಮಾತಲ್ಲ. ಸಭೆ ಒಪ್ಪಿದೆ. ಹತ್ತನೇ ಪುಟದಲ್ಲಿ, "ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು" ಅನ್ನುವ ಕೊನೆಯ ಭಾಗದಲ್ಲಿ, ಒಬ್ಬ ನಿರ್ದೇಶಕರು ಹಾಸನದಲ್ಲಿ ಗೊತ್ತಿರುವ ಮೆಕ್ಯಾನಿಕ್‌ನ ಕರೆಸುತ್ತೇನೆ, 15,000 ರೂಪಾಯಿ ಒಳಗೆ ರಿಪೇರಿ ಆದರೆ ಮಾಡಿಸಿಬಿಡೋಣ, ಹೆಚ್ಚಾದರೆ ಕೊಟೇಶನ್ ದಾರಿ ಹಿಡಿಯೋಣ ಅಂದಿದ್ದಾರೆ. ಅಧ್ಯಕ್ಷರು ಹೂಂ ಅಂದಿದ್ದಾರೆ. ಅಲ್ಲಿಗೆ ಸಭೆ ಮುಗಿದಿದೆ.

ಪುಟದ ಪ್ರಕಾರ ಸಾರಾಂಶ ಮಾಡಿದರೆ ಇದು ಮೂರು ಸಾಲಾಗುತ್ತದೆ: ಖರೀದಿಸಬೇಕು, ಕೊಟೇಶನ್ ತರಬೇಕು, ರಿಪೇರಿ ಮಾಡಿಸಬೇಕು. ಮೂವರು ಮೂರು ಕಡೆ ಓಡುತ್ತಾರೆ. ಅದಕ್ಕೇ ಪುಟ ಬಿಟ್ಟು ವಸ್ತುವಿನ ಪ್ರಕಾರ ಜೋಡಿಸಬೇಕು. ಒಂದು ಹಾಳೆಯಲ್ಲಿ "ಜನರೇಟರ್" ಅಂತ ಬರೆದು, ಅದು ಬಂದ ಎಲ್ಲ ಪುಟಗಳ ಮಾತನ್ನೂ ಅದರ ಕೆಳಗೆ ಬಂದ ಕ್ರಮದಲ್ಲೇ ಇಟ್ಟೆ. ಕೊನೆಗೆ ಆದ ಮಾತು ಮೊದಲಿನದನ್ನು ಬದಲಿಸಿದೆಯಾ ಅಂತ ಆಗ ಕಣ್ಣಿಗೆ ಕಾಣುತ್ತದೆ. ಇಲ್ಲಿ ಬದಲಿಸಿತ್ತು. ಆದರೂ ನನ್ನಷ್ಟಕ್ಕೆ ನಾನೇ ಅದನ್ನು ತೀರ್ಮಾನ ಅಂತ ಬರೆಯುವ ಹಾಗಿಲ್ಲ. ಎರಡನೇ ಪುಟದಲ್ಲಿ ಸರ್ವಾನುಮತ ಅಂತಿದೆ, ಹತ್ತನೇ ಪುಟದಲ್ಲಿ ಅರ್ಧ ಜನ ಸಂಜೆ ಹಾಲು ಕರೆಯೋಕೆ ಹೊತ್ತಾಯ್ತು ಅಂತ ಎದ್ದು ನಿಂತಿದ್ದರು. ಅಧ್ಯಕ್ಷರಿಗೆ ಫೋನ್ ಮಾಡಿ ಮೂರೂ ವಾಕ್ಯ ಓದಿ ಹೇಳಿದೆ. "ಕೊನೇದೇ ಸರಿ. ಖರೀದಿ ಈಗ ಬೇಡ. ಎಲ್ಲರಿಗೂ ನಾನೇ ಹೇಳ್ತೀನಿ," ಅಂದರು. ಆಮೇಲಷ್ಟೇ ಪಟ್ಟಿಗೆ ಹೋಯಿತು.

ಇನ್ನು "ಯಾರು" ಅನ್ನುವ ಪ್ರಶ್ನೆ. ನಮ್ಮ ನಡವಳಿ ಕನ್ನಡದಲ್ಲಿ ಕೆಲಸ ಮಾಡುವವರು ಕಾಣೋದೇ ಇಲ್ಲ. ಕ್ರಮ ಕೈಗೊಳ್ಳಲಾಗುವುದು, ಪರಿಶೀಲಿಸಲಾಗುವುದು, ಸಂಬಂಧಪಟ್ಟವರಿಗೆ ತಿಳಿಸಲಾಗುವುದು. ಕೈಗೊಳ್ಳೋರು ಯಾರು, ತಿಳಿಸೋರು ಯಾರು? ಹೆಸರು ಇಲ್ಲದ ಕಡೆ ಊಹಿಸಿ ಬರೆಯುವ ಆಸೆ ಆಗುತ್ತದೆ, ಕಾರ್ಯದರ್ಶಿ ಅಂತ ಹಾಕಿದರೆ ಎಲ್ಲದಕ್ಕೂ ಸರಿಹೋಗುತ್ತದೆ ಅನಿಸುತ್ತದೆ. ಹಾಗೆ ಮಾಡಲೇಬಾರದು. ಹೆಸರು ಇಲ್ಲದಿದ್ದರೆ ಆ ಜಾಗ ಖಾಲಿ ಬಿಟ್ಟು, ಕೇಳಿ ತುಂಬಬೇಕು. ಮೊದಲ ಕರಡಿನಲ್ಲಿ ಐದು ಕೆಲಸಕ್ಕೆ ಎರಡೇ ಹೆಸರು ಇತ್ತು, ಮೂರು ಖಾಲಿ. ಆ ಖಾಲಿ ಜಾಗ ನೋಡಿದ ಮೇಲೇ ಹೋದ ತಿಂಗಳು ಏನಾಗಿತ್ತು ಅಂತ ಅಧ್ಯಕ್ಷರಿಗೆ ಪೂರ್ತಿ ಅರ್ಥ ಆಗಿದ್ದು.

ಒಂದು ಕೆಲಸಕ್ಕೆ ಒಂದೇ ಹೆಸರು. "ಅಧ್ಯಕ್ಷರು ಮತ್ತು ಕಾರ್ಯದರ್ಶಿ" ಅಂತ ಬರೆದರೆ ಇಬ್ಬರೂ ಇನ್ನೊಬ್ಬರನ್ನು ನೋಡುತ್ತಾರೆ. ಸಹಾಯಕ್ಕೆ ಹತ್ತು ಜನ ಇರಲಿ, ಉತ್ತರ ಹೇಳುವವರು ಒಬ್ಬರು. ಇನ್ನೊಂದು, ಸಭೆಯಲ್ಲಿ ಕೂತಿಲ್ಲದವರ ಹೆಸರು ಆ ಜಾಗದಲ್ಲಿ ಬರಬಾರದು. ಜನರೇಟರ್‌ಗೆ "ಮೆಕ್ಯಾನಿಕ್" ಅಂತಲೋ, ಲೆಕ್ಕಕ್ಕೆ "ಆಡಿಟರ್" ಅಂತಲೋ ಬರೆದು ಏನು ಪ್ರಯೋಜನ? ಅವರಿಗೆ ನಮ್ಮ ಪಟ್ಟಿ ಇರೋದೇ ಗೊತ್ತಿಲ್ಲ. ಮೆಕ್ಯಾನಿಕ್‌ನ ಕರೆಸುವ ನಿರ್ದೇಶಕರು, ಆಡಿಟ್ ವರದಿ ಬೆನ್ನು ಹತ್ತುವ ಕಾರ್ಯದರ್ಶಿ, ಇವರೇ ಜವಾಬ್ದಾರರು.

ಹಾಲು ಪರೀಕ್ಷೆ ಯಂತ್ರದ ವಿಷಯದಲ್ಲಿ ಹೆಸರಿನ ಆಯ್ಕೆಯೇ ಸೂಕ್ಷ್ಮವಾಗಿತ್ತು. ಫ್ಯಾಟ್ ಕಮ್ಮಿ ತೋರಿಸುತ್ತಿದೆ ಅಂತ ಕೆಲವು ಸದಸ್ಯರ ದೂರು. ಎರಡು ಪುಟ ಚರ್ಚೆ, ಕೊನೆಗೆ "ಯಂತ್ರವನ್ನು ಪರಿಶೀಲಿಸಲು ತೀರ್ಮಾನಿಸಲಾಯಿತು." ದಿನಾ ಯಂತ್ರ ಮುಟ್ಟೋರು ಹಾಲು ಪರೀಕ್ಷಕರು, ಅವರ ಹೆಸರೇ ಹಾಕೋಣ ಅಂತ ಕಾರ್ಯದರ್ಶಿ ಹೇಳಿದರು. ಆದರೆ ದೂರು ಇರೋದು ಅವರು ಕೊಡುವ ರೀಡಿಂಗ್ ಬಗ್ಗೆ. ಅವರೇ ಪರೀಕ್ಷಿಸಿ "ಸರಿಯಿದೆ" ಅಂದರೆ ಯಾರೂ ನಂಬೋದಿಲ್ಲ, ಅದು ಅವರಿಗೂ ಅನ್ಯಾಯ. ಕೊನೆಗೆ ಒಬ್ಬ ಮಹಿಳಾ ನಿರ್ದೇಶಕರು ಒಪ್ಪಿಕೊಂಡರು, ಪರೀಕ್ಷಕರು ಅವರಿಗೆ ಸಹಾಯ ಮಾಡೋದು ಅಂತಾಯಿತು. "ಪರಿಶೀಲಿಸು" ಅನ್ನೋದನ್ನೂ ಬಿಡಿಸಬೇಕಾಯಿತು: ಒಂದೇ ಸ್ಯಾಂಪಲ್ ಅನ್ನು ಡೈರಿಯ ಯಂತ್ರದಲ್ಲೂ ನೋಡೋದು, ಒಕ್ಕೂಟದ ಪ್ರಯೋಗಾಲಯದಲ್ಲಿ ಗರ್ಬರ್ ವಿಧಾನದಲ್ಲೂ, ಅಂದರೆ ಆಸಿಡ್ ಹಾಕಿ ತಿರುಗಿಸಿ ಫ್ಯಾಟ್ ಅಳೆಯುವ ಹಳೆಯ ಕ್ರಮದಲ್ಲೂ, ಮಾಡಿಸೋದು, ಎರಡೂ ಅಂಕಿ ಪಕ್ಕಪಕ್ಕ ಬರೆಯೋದು. ಈ ವಿವರ ನಡವಳಿಯಲ್ಲಿ ಇರಲಿಲ್ಲ. ನಾನೂ ಸೇರಿಸಲಿಲ್ಲ. ಕೆಲಸ ಒಪ್ಪಿಕೊಂಡವರೇ ಅಧ್ಯಕ್ಷರ ಜೊತೆ ಮಾತಾಡಿ ಹೇಳಿದ್ದನ್ನು ಬರೆದೆ.

ದಿನಾಂಕದ ಕಥೆ ಬೇರೆ. "ಕೂಡಲೇ", "ಶೀಘ್ರದಲ್ಲಿ", "ಆದಷ್ಟು ಬೇಗ" ಇವು ಯಾವುದೂ ದಿನಾಂಕ ಅಲ್ಲ ಅಂತ ಎಲ್ಲರಿಗೂ ಗೊತ್ತು. ಮೋಸ ಹೋಗೋದು ದಿನಾಂಕದ ಥರ ಕಾಣುವ ಮಾತುಗಳಿಂದ. ಪಶು ಆಹಾರದ ಬಾಕಿಯನ್ನು "ಹಬ್ಬದ ಒಳಗೆ" ವಸೂಲಿ ಮಾಡಬೇಕು ಅಂತ ನಡವಳಿ ಹೇಳುತ್ತಿತ್ತು. ಸಭೆ ನಡೆದಿದ್ದು ವರಮಹಾಲಕ್ಷ್ಮಿ ಹಬ್ಬಕ್ಕೆ ಮೂರು ದಿನ ಮುಂಚೆ. ಆಗಸ್ಟ್ 26ಕ್ಕೆ ಗೌರಿ, 27ಕ್ಕೆ ಗಣೇಶ. ಮುಂದೆ ದಸರಾ. ಒಬ್ಬ ನಿರ್ದೇಶಕರನ್ನು ಕೇಳಿದರೆ "ಗೌರಿ ಹಬ್ಬ ಕಣ್ರೀ, ಇನ್ಯಾವ್ದು?" ಅಂದರು, ಇನ್ನೊಬ್ಬರು ದಸರಾ ಅಂದುಕೊಂಡಿದ್ದರು. ಇಬ್ಬರೂ ಅದೇ ಸಭೆಯಲ್ಲಿ ಅಕ್ಕಪಕ್ಕ ಕೂತವರು! ಅಧ್ಯಕ್ಷರು ಗೌರಿ ಹಬ್ಬ ಅಂದಮೇಲೆ ಪಟ್ಟಿಯಲ್ಲಿ "ಆಗಸ್ಟ್ 26" ಅಂತ ಬರೆದೆ. ಹಬ್ಬದ ಹೆಸರು ಪಕ್ಕಕ್ಕೆ ಇರಲಿ ಬಿಡಿ, ಜನಕ್ಕೆ ಅದೇ ನೆನಪಿರೋದು, ಆದರೆ ದಿನಾಂಕ ಬೇಕೇ ಬೇಕು.

ವಾರ್ಷಿಕ ಮಹಾಸಭೆಯ ದಿನಾಂಕ ಇನ್ನೂ ಸಿಕ್ಕಾಗಿತ್ತು. ಸೆಪ್ಟೆಂಬರ್ 25ರೊಳಗೆ ಮಹಾಸಭೆ ಮಾಡಿ ಮುಗಿಸಬೇಕು ಅನ್ನೋದು ಸಹಕಾರ ಸಂಘಗಳಿಗೆಲ್ಲ ಗೊತ್ತಿರುವ ಗಡುವು. ನಡವಳಿಯಲ್ಲಿ "ಸೆಪ್ಟೆಂಬರ್ ಮೂರನೇ ವಾರದಲ್ಲಿ ನಡೆಸುವುದು" ಅಂತ ಮಾತ್ರ ಇತ್ತು. ಮೂರನೇ ವಾರ ಅಂದರೆ ಎಲ್ಲರ ತಲೆಗೂ ಬರೋದು ಭಾನುವಾರ, ಅಂದರೆ 21. ಕ್ಯಾಲೆಂಡರ್ ತೆಗೆದು ನೋಡಿದರೆ ಅವತ್ತು ಮಹಾಲಯ ಅಮಾವಾಸ್ಯೆ. ಮನೆಮನೆಯಲ್ಲೂ ಪಕ್ಷದ ಎಡೆ ಇಡುವ ದಿನ ಮಹಾಸಭೆಗೆ ಕೋರಂ ಎಲ್ಲಿಂದ ಬರಬೇಕು? ಮರುದಿನದಿಂದ ನವರಾತ್ರಿ. ಅಧ್ಯಕ್ಷರು, ಕಾರ್ಯದರ್ಶಿ ಕೂತು 18, ಗುರುವಾರ ಅಂತ ಮಾಡಿದರು.

ಒಂದು ದಿನಾಂಕ ಸಿಕ್ಕಿದ ತಕ್ಷಣ ಕೆಲಸ ಮುಗಿಯಲಿಲ್ಲ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಈ ಸಂಘದ ಬೈಲಾ ಪ್ರಕಾರ ನೋಟಿಸ್ ಹದಿನೈದು ದಿನ ಮುಂಚೆ ಸದಸ್ಯರ ಕೈಗೆ ಸೇರಬೇಕು, ಅಂದರೆ ಸೆಪ್ಟೆಂಬರ್ 2ರೊಳಗೆ ಹಂಚಿ ಮುಗಿದಿರಬೇಕು. ನೋಟಿಸ್ ಜೊತೆ ವಾರ್ಷಿಕ ವರದಿಯ ಪುಸ್ತಕ ಹೋಗುತ್ತದೆ, ಅದು ಪ್ರೆಸ್‌ನಲ್ಲಿ ಅಚ್ಚಾಗಬೇಕು. ಗಣೇಶನ ಹಬ್ಬದ ವಾರ ಪ್ರೆಸ್‌ನವರ ಹತ್ತಿರ ಬೇರೆ ಕೆಲಸ ತುಂಬಿರುತ್ತದೆ. ಹಾಗಾಗಿ ಆಗಸ್ಟ್ 22ಕ್ಕೆ ಪ್ರೆಸ್‌ಗೆ ಕೊಡಬೇಕು, ಅದಕ್ಕೂ ಮೊದಲು ಆಡಿಟ್ ವರದಿ ಕೈಗೆ ಬರಬೇಕು. ನಡವಳಿಯಲ್ಲಿ "ಮೂರನೇ ವಾರ" ಅಂತ ನಿಧಾನವಾಗಿ ಕಾಣುತ್ತಿದ್ದ ಕೆಲಸದ ನಿಜವಾದ ಮೊದಲ ಗಡುವು ಆಗಸ್ಟ್ 20 ಆಯಿತು, ಸಭೆ ಆದ ಹದಿನೈದು ದಿನಕ್ಕೆ. ಇದು ಯಾರ ಗಮನಕ್ಕೂ ಬಂದಿರಲಿಲ್ಲ.

ಕೊನೆಗೆ ಪಟ್ಟಿ ಹೀಗಾಯಿತು. ಅಸಲಿ ಪ್ರತಿಯಲ್ಲಿ ಹೆಸರುಗಳಿವೆ, ಇಲ್ಲಿ ಹುದ್ದೆ ಮಾತ್ರ ಕೊಡುತ್ತಿದ್ದೇನೆ.

1. ಜನರೇಟರ್: ಹಾಸನದ ಮೆಕ್ಯಾನಿಕ್‌ನ ಕರೆಸಿ ತೋರಿಸುವುದು, ಆಗಸ್ಟ್ 9. 15,000 ರೂ. ಒಳಗಿದ್ದರೆ ರಿಪೇರಿ ಮುಗಿಸುವುದು, ಆಗಸ್ಟ್ 14. ಹೆಚ್ಚಾದರೆ ಮೂರು ಕೊಟೇಶನ್ ಮುಂದಿನ ಸಭೆಗೆ. ವಿಷಯ ಎತ್ತಿದ ನಿರ್ದೇಶಕರು. ಪುಟ 2, 5, 10.
2. ಹಾಲು ಪರೀಕ್ಷೆ ಯಂತ್ರ: ಒಂದೇ ಸ್ಯಾಂಪಲ್ ಎರಡೂ ಕಡೆ ಪರೀಕ್ಷೆ, ಅಂಕಿಗಳ ಹಾಳೆ. ಆಗಸ್ಟ್ 16. ಮಹಿಳಾ ನಿರ್ದೇಶಕರು. ಪುಟ 3, 4.
3. ಪಶು ಆಹಾರದ ಬಾಕಿ: ಬಟವಾಡೆಯಲ್ಲಿ ಕಂತು ಹಿಡಿಯುವುದು. ಆಗಸ್ಟ್ 26, ಗೌರಿ ಹಬ್ಬ. ಕಾರ್ಯದರ್ಶಿ. ಪುಟ 6.
4. ಆಡಿಟ್ ವರದಿ ಪಡೆಯುವುದು, ಆಗಸ್ಟ್ 20. ವಾರ್ಷಿಕ ವರದಿ ಪ್ರೆಸ್‌ಗೆ, ಆಗಸ್ಟ್ 22. ಕಾರ್ಯದರ್ಶಿ. ಪುಟ 7.
5. ಮಹಾಸಭೆ ಸೆಪ್ಟೆಂಬರ್ 18. ನೋಟಿಸ್ ಹಂಚಿ ಮುಗಿಸುವುದು, ಸೆಪ್ಟೆಂಬರ್ 2. ಉಪಾಧ್ಯಕ್ಷರು. ಪುಟ 7.

ಇದರ ಕೆಳಗೆ ಗೀಟು ಎಳೆದು ಒಂದೇ ಸಾಲು: "ತೀರ್ಮಾನ ಆಗದೆ ಉಳಿದದ್ದು: ಕಟ್ಟಡದ ಶೀಟ್ ಬದಲಿಸುವುದು (ಪುಟ 8, 9). ಎಷ್ಟು ಅಡಿ, ಎಷ್ಟು ಖರ್ಚು ಅನ್ನುವ ಅಂದಾಜು ಮುಂದಿನ ಸಭೆಗೆ ಬೇಕು." ಈ ಭಾಗ ಬಿಡಬಾರದು. ಬಿಟ್ಟರೆ ಎರಡು ಪುಟ ಮಾತಾಡಿದವರಿಗೆ ತಮ್ಮ ವಿಷಯ ಮುಳುಗಿಸಿದರು ಅನಿಸುತ್ತದೆ. ಮೇಲಿನ ಪಟ್ಟಿಗೆ ಸೇರಿಸಿದರೆ ಸಭೆ ಒಪ್ಪದೇ ಇದ್ದದ್ದನ್ನು ಒಪ್ಪಿದೆ ಅಂತ ಹೇಳಿದ ಹಾಗಾಗುತ್ತದೆ. ಪುಟದ ಸಂಖ್ಯೆ ಹಾಕಿದ್ದು, ಯಾರಿಗಾದರೂ ಅನುಮಾನ ಬಂದರೆ ನಡವಳಿ ತೆಗೆದು ನೋಡಲಿ ಅಂತ. ದಾಖಲೆ ಅನ್ನೋದು ಪುಸ್ತಕವೇ. ಪಟ್ಟಿ ಕೆಲಸಕ್ಕೆ ಮಾತ್ರ.

ಬಾಕಿದಾರರ ಹೆಸರು ಮೂರನೇ ಸಾಲಿನಲ್ಲಿ ಬೇಕಂತಲೇ ಬಿಟ್ಟಿದ್ದು. ನಡವಳಿಯ ಆರನೇ ಪುಟದಲ್ಲಿ ಹೆಸರು, ಮೊತ್ತ ಎಲ್ಲ ಇದೆ. ಆದರೆ ಪಟ್ಟಿ ಹೋಗೋದು ವಾಟ್ಸಾಪ್ ಗುಂಪಿಗೆ, ಒಂದು ಪ್ರತಿ ಡೈರಿಯ ಗೋಡೆಗೆ. ಸಂಜೆ ಹಾಲು ಹಾಕಲು ಸಾಲಿನಲ್ಲಿ ನಿಂತವರ ಮುಂದೆ ಒಬ್ಬರ ಸಾಲ ತೂಗುಹಾಕುವುದು ಸರಿಯಲ್ಲ.

ಗೋಡೆಗೆ ಅಂಟಿಸುವ ಮುಂಚೆ ಪ್ರತಿಯೊಬ್ಬರಿಗೂ ಫೋನ್ ಹೋಯಿತು: ನಿಮ್ಮ ಹೆಸರಿಗೆ ಈ ಕೆಲಸ, ಈ ದಿನ ಬರೆಯುತ್ತಿದ್ದೇವೆ, ಆಗುತ್ತದಾ? ನೋಟಿಸ್ ಹಂಚುವ ಕೆಲಸಕ್ಕೆ ಮೊದಲು ಹೇಳಿದ್ದ ನಿರ್ದೇಶಕರು "ಮಗಳ ಬಾಣಂತನ ಇದೆ, ನಾನು ಅರಸೀಕೆರೆಯಲ್ಲಿ ಇರ್ತೀನಿ, ಆಗಲ್ಲ ಅಣ್ಣ" ಅಂದರು. ಸೆಪ್ಟೆಂಬರ್ 2ಕ್ಕೆ ಗೊತ್ತಾಗಬೇಕಾದದ್ದು ಆಗಸ್ಟ್ 6ಕ್ಕೇ ಗೊತ್ತಾಯಿತು. ಉಪಾಧ್ಯಕ್ಷರು ಒಪ್ಪಿಕೊಂಡರು, ಅಧ್ಯಕ್ಷರ ಒಪ್ಪಿಗೆ ಪಡೆದು ಹೆಸರು ಬದಲಾಯಿತು. 7ನೇ ತಾರೀಕು ಪಟ್ಟಿ ಹೊರಗೆ ಹೋಯಿತು. ಒಂದು ವಾರ ಬಿಟ್ಟು ಕೊಟ್ಟಿದ್ದರೆ ಮೊದಲ ಗಡುವೇ ದಾಟಿರುತ್ತಿತ್ತು.

ಆಮೇಲೆ ಏನಾಯಿತು? ಜನರೇಟರ್‌ನಲ್ಲಿ ಬ್ಯಾಟರಿ ಸತ್ತಿತ್ತು, ಡೀಸೆಲ್ ಫಿಲ್ಟರ್ ಕಟ್ಟಿಕೊಂಡಿತ್ತು. ರಿಪೇರಿ 15,000ದ ಒಳಗೇ ಮುಗಿಯಿತು, ಹೊಸದು ಬೇಕಾಗಲಿಲ್ಲ. ಎರಡನೇ ಪುಟದ ವಾಕ್ಯವನ್ನೇ ನಂಬಿ ಹೊರಟಿದ್ದರೆ ಸಂಘದ ದುಡ್ಡು ಎಷ್ಟು ಹೋಗುತ್ತಿತ್ತೋ! ವರದಿ ಪ್ರೆಸ್‌ಗೆ ಹೋಯಿತು, ನೋಟಿಸ್ ಹೊತ್ತಿಗೆ ಸರಿಯಾಗಿ ಹಂಚಿಕೆ ಆಯಿತು.

ಯಂತ್ರದ ಕೆಲಸ ಮಾತ್ರ ಎಡವಿತು. 16ಕ್ಕೆ "ಆಯಿತು" ಅಂತ ಗುರುತು ಬಿತ್ತು, ಅಂಕಿಗಳ ಹಾಳೆಯೂ ಬಂತು. ಆದರೆ ಸಂಜೆ ತೆಗೆದ ಸ್ಯಾಂಪಲ್ ರಾತ್ರಿಯೆಲ್ಲ ಹೊರಗೇ ಇತ್ತಂತೆ, ಕೆನೆ ಮೇಲೆ ಬಂದು ಬಾಟಲಿಗೆ ಮೆತ್ತಿಕೊಂಡಿತ್ತು. ಅಂಥ ಹಾಲಿನಲ್ಲಿ ಯಾವ ವಿಧಾನದಲ್ಲಿ ನೋಡಿದರೂ ಫ್ಯಾಟ್ ಸರಿ ಬರೋದಿಲ್ಲ. ಪ್ರಯೋಗಾಲಯದವರೇ ಮತ್ತೆ ತನ್ನಿ ಅಂದರು. ಕೆಲಸ, ಹೆಸರು, ದಿನಾಂಕ ಮೂರೂ ಇದ್ದರೂ "ಮುಗಿದಿದೆ" ಅನ್ನೋದಕ್ಕೆ ಏನು ಬೇಕು ಅನ್ನೋದು ಇಂಥ ಕೆಲಸಕ್ಕೆ ಬರೆದಿರಬೇಕು. ಎರಡನೇ ಸಲ ಆ ಸಾಲಿಗೆ ಇಷ್ಟು ಸೇರಿತು: "ತಣ್ಣಗಿಟ್ಟ, ಚೆನ್ನಾಗಿ ಬೆರೆಸಿದ ಸ್ಯಾಂಪಲ್, ಪ್ರಯೋಗಾಲಯದ ಸಹಿ ಇರುವ ಹಾಳೆ." ಎಲ್ಲ ಸಾಲಿಗೂ ಇಂಥ ವಿವರ ಬೇಡ, ಪ್ರೆಸ್‌ಗೆ ಕೊಟ್ಟಿದ್ದು ಕೊಟ್ಟಿದ್ದೇ. ಅಳತೆ, ಪರೀಕ್ಷೆ, ತಪಾಸಣೆ ಅಂತ ಬಂದ ಕಡೆ ಬೇಕು.

ಸೆಪ್ಟೆಂಬರ್ ಸಭೆಯಲ್ಲಿ ಹಿಂದಿನ ನಡವಳಿ ಓದಿ ದೃಢೀಕರಿಸಿದ ತಕ್ಷಣ ಅಧ್ಯಕ್ಷರು ಗೋಡೆಯ ಪಟ್ಟಿಯನ್ನೇ ತರಿಸಿ ಸಾಲು ಸಾಲಾಗಿ ಕೇಳಿದರು. ಕಾರ್ಯದರ್ಶಿಯವರ ಬರವಣಿಗೆ ಈಗಲೂ ಅಷ್ಟೇ ಉದ್ದ ಇದೆ, ಇರಲಿ, ಯಾರು ಏನು ಹೇಳಿದರು ಅಂತ ಬೇಕಾಗುವ ದಿನ ಬಂದೇ ಬರುತ್ತದೆ. ಆದರೆ ಪ್ರತಿ ವಿಷಯದ ಕೊನೆಗೆ "ಜವಾಬ್ದಾರಿ" ಮತ್ತು "ಗಡುವು" ಅಂತ ಎರಡು ಪದ ಬರೆದು, ಜಾಗ ತುಂಬುವ ತನಕ ಮುಂದಿನ ವಿಷಯಕ್ಕೆ ಹೋಗಲು ಬಿಡುತ್ತಿಲ್ಲ. ಇತರ ವಿಷಯಗಳನ್ನು ಜನ ಎದ್ದು ನಿಲ್ಲುವ ಮುಂಚೆ, ಮೂರು ಗಂಟೆಗೇ ಶುರು ಮಾಡುತ್ತಾರೆ. ಶೀಟ್‌ನ ಅಂದಾಜು ಯಾರೂ ತಂದಿರಲಿಲ್ಲ. ಅದಕ್ಕೂ ಈ ಸಲ ಒಬ್ಬರ ಹೆಸರು, ಒಂದು ದಿನಾಂಕ ಬಿದ್ದಿದೆ.